ಗಣಪನಿಗೆ ಗಜಪ್ರಾಸ

ಎರಡೂವರೆ ವರ್ಷದವರಿಗೆ ಪದ್ಯ ಬರೆಯುವವನು ವಿಮರ್ಶೆಗಾಗಿ ಪತ್ರಿಕೆ ಬಿಡಿಸಿ ನೋಡಬೇಕಾಗಿಲ್ಲ. ವಿಮರ್ಶಕರು ತೊಡೆಯ ಮೇಲೆಯೇ ಕೂತಿರುತ್ತಾರೆ. ಸಾಲು ಹಿಡಿಸಿತೋ, ‘ಇನ್ನೊಂದ್ಸಲ’ ಎನ್ನುತ್ತಾರೆ. ಹಿಡಿಸಲಿಲ್ಲವೋ, ಎದ್ದು ಹೋಗಿ ಊದಿನಕಡ್ಡಿಯ ಡಬ್ಬಿಯನ್ನು ನೆಲಕ್ಕೆ ಸುರಿಯುತ್ತಾರೆ. ನಡುವಿನ ಮರ್ಯಾದೆಯ ಮಾತುಗಳಾದ ‘ಪರವಾಗಿಲ್ಲ’, ‘ಇನ್ನಷ್ಟು ಕೃಷಿ ಬೇಕು’ ಮುಂತಾದವು ಅವರ ನಿಘಂಟಿನಲ್ಲಿಲ್ಲ.

ನನಗೆ ಈ ಕೆಲಸ ವಹಿಸಿದವಳು ಮಗಳು. ಅವಳು ಆಫೀಸಿನಿಂದ ಬರುವ ತನಕ ಮೊಮ್ಮಗಳು ಪುಟ್ಟಿ ನಮ್ಮ ವಶ. ಸಂಜೆ ನನ್ನ ಹೆಂಡತಿ ದೇವರ ಗೂಡಿನ ಮುಂದೆ ದೀಪ ಹಚ್ಚುವಾಗ ಪುಟ್ಟಿಯೂ ಪಕ್ಕದಲ್ಲಿ ಕೂರುತ್ತಾಳೆ. ಕೂರುತ್ತಾಳೆ ಎನ್ನುವುದು ಸ್ವಲ್ಪ ಧಾರಾಳದ ಮಾತು. ಗಂಟೆಯನ್ನೂ ಕುಂಕುಮದ ಭರಣಿಯನ್ನೂ ವಿಚಾರಿಸಿಕೊಳ್ಳುತ್ತಿರುತ್ತಾಳೆ. ಒಂದು ದಿನ ಮಗಳು, “ಅಪ್ಪಾ, ದೇವರ ಮುಂದೆ ಇವಳು ಹೇಳೋ ಹಾಗೆ ನಾಲ್ಕು ಸಾಲು ಬರೆದುಕೊಡು. ಪ್ರಾಸ ಇರಲಿ. ಬ್ಯಾಂಕಲ್ಲಿ ಯಾರು ರಿಟೈರಾದ್ರೂ ಪದ್ಯ ಬರೀತಿದ್ದೆಯಲ್ಲ” ಎಂದಳು. ಬೀಳ್ಕೊಡುವ ಪದ್ಯ ಬರೆದ ಕೈಗೆ ಬರಮಾಡಿಕೊಳ್ಳುವ ಪದ್ಯ ಬಂದೀತೆ ಎಂಬುದನ್ನು ಅವಳು ಕೇಳಲಿಲ್ಲ.

ಶ್ಲೋಕ ಇಲ್ಲವೇ ಎನ್ನಬಹುದು. ಬೇಕಾದಷ್ಟಿವೆ, ಹೆಂಡತಿ ದಿನವೂ ಹೇಳುತ್ತಾಳೆ, ಪುಟ್ಟಿ ಕೇಳುತ್ತಾಳೆ. ಆದರೆ ಕೇಳುವ ಕಿವಿ ಬೇರೆ, ಹೇಳುವ ನಾಲಿಗೆ ಬೇರೆ. ಸಂಸ್ಕೃತ ಶ್ಲೋಕದ ಒಂದೊಂದು ಪಾದದಲ್ಲೂ ಮಹಾಪ್ರಾಣವೋ ಒತ್ತಕ್ಷರವೋ ಇಣುಕುತ್ತದೆ. ಈ ವಯಸ್ಸಿನ ಮಗು ಆ ಶ್ಲೋಕದ ಏರಿಳಿತವನ್ನು ಹಿಡಿಯುತ್ತದೆ, ಅಕ್ಷರಗಳನ್ನು ಬಿಡುತ್ತದೆ. ಪುಟ್ಟಿಯ ಶ್ಲೋಕವೂ ಹಾಗೆಯೇ: ರಾಗ ಪೂರ್ತಿ, ಮಾತು ಶೂನ್ಯ, ಕೊನೆಯಲ್ಲಿ ಗಟ್ಟಿಯಾಗಿ ಒಂದು ‘ದಾ’. ಇನ್ನು ಪಂಜೆ ಮಂಗೇಶರಾಯರು, ರಾಜರತ್ನಂ ಅವರಂಥವರು ಮಕ್ಕಳಿಗೆ ಬರೆದದ್ದು ನಮ್ಮ ಮನೆಯಲ್ಲಿ ಹಗಲೆಲ್ಲ ನಡೆಯುತ್ತದೆ. ಆದರೆ ನಮ್ಮ ದೇವರ ಗೂಡಿನ ಮುಂದೆ ಸಂಜೆ ಏನೇನು ಯಾವ ಕ್ರಮದಲ್ಲಿ ಆಗುತ್ತದೆಯೋ ಅದರ ಬೆನ್ನು ಹಿಡಿದು ಹೋಗುವ ಪದ್ಯವನ್ನು ಮನೆಯವರೇ ಬರೆದುಕೊಳ್ಳಬೇಕು.

ಬರೆಯಲು ಕೂತರೆ ಮೊದಲು ಬರುವುದು ಬೇಡಿಕೆಯ ಪಟ್ಟಿ. ‘ಬುದ್ಧಿ ನೀಡು, ಸಿದ್ಧಿ ನೀಡು.’ ಪ್ರಾಸ ತಾನಾಗಿ ಒದಗುತ್ತದೆ, ಕಿವಿಗೂ ಹಿತ. ದೊಡ್ಡವರು ಮಕ್ಕಳಿಗಾಗಿ ಬರೆಯುವ ಪ್ರಾರ್ಥನೆಗಳಲ್ಲಿ ಹೆಚ್ಚಿನವು ಈ ಜಾತಿಯವೇ: ವಿದ್ಯೆ ಕೊಡು, ವಿನಯ ಕೊಡು, ಒಳ್ಳೆಯ ನಡತೆ ಕೊಡು. ಗಮನಿಸಿದರೆ ಇವೆಲ್ಲ ಅಪ್ಪ ಅಮ್ಮಂದಿರ ಪ್ರಾರ್ಥನೆಗಳು, ಮಗುವಿನ ಬಾಯಲ್ಲಿ ಹೇಳಿಸಿದವು. ನನ್ನ ಹೆಂಡತಿ ಈ ಸಾಲು ಕೇಳಿ ಬತ್ತಿ ಹೊಸೆಯುತ್ತಲೇ ಹೇಳಿದಳು: “ಬುದ್ಧಿ ಬೇಕು ಅಂತ ಕೇಳೋಕೆ ಅದಕ್ಕೆ ಮೊದಲು ಬುದ್ಧಿ ಬರಬೇಡ್ವೇನ್ರೀ? ಅವಳಿಗೆ ಈಗ ಬೇಕಾಗಿರೋದು ದೇವರಿಗೆ ಹೂ ಇಡೋದು. ಅದಕ್ಕೆ ಏನಾದ್ರೂ ಬರೀರಿ.”

ಆ ಮಾತಿನಲ್ಲಿ ಕಸಬಿನ ಗುಟ್ಟೇ ಇತ್ತು. ಈ ವಯಸ್ಸಿನ ಮಗು ದೇವರನ್ನು ಏನನ್ನೂ ಬೇಡುವುದಿಲ್ಲ. ಅದಕ್ಕೆ ಬೇಕಾದದ್ದನ್ನೆಲ್ಲ ಕೇಳಲು ಅಜ್ಜಿಯಿದ್ದಾಳೆ. ದೇವರಿಗೆ ಅದು ಕೊಡುತ್ತದೆ. ಇಡೀ ದಿನ ಅದರ ಕಿವಿಗೆ ಬೀಳುವ ಕ್ರಿಯಾಪದಗಳನ್ನು ಎಣಿಸಿ ನೋಡಿ. ಬಾ, ಕೂರು, ತಗೋ, ನೋಡು, ತಿನ್ನು, ಸಾಕಾ, ಇನ್ನೂ ಬೇಕಾ. ಇದನ್ನೇ ಪೂಜೆಯ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಷೋಡಶೋಪಚಾರವೆಂದರೆ ಹದಿನಾರು ಉಪಚಾರ: ಆವಾಹನ, ಆಸನ, ಕಾಲಿಗೆ ನೀರು, ಕೈಗೆ ನೀರು, ಸ್ನಾನ, ವಸ್ತ್ರ, ಹೀಗೆ ಮುಂದುವರಿದು ನೈವೇದ್ಯ, ನಮಸ್ಕಾರದವರೆಗೆ. ಬನ್ನಿ, ಕೂತುಕೊಳ್ಳಿ, ಕಾಲು ತೊಳೆಯಿರಿ, ಊಟ ಮಾಡಿ. ಮನೆಗೆ ಬಂದ ನೆಂಟರಿಗೆ ಮಾಡುವುದನ್ನೇ ದೇವರಿಗೂ ಮಾಡುವುದು. ಹೊತ್ತಿಲ್ಲದವರಿಗೆ ಅದರ ಸಂಕ್ಷೇಪವಾಗಿ ಪಂಚೋಪಚಾರವಿದೆ: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ನಮ್ಮ ಮನೆಯ ಸಂಜೆಯ ಪೂಜೆ ಇಷ್ಟೇ. ಬೆಳಗ್ಗೆಯಿಂದ ತಾನು ಪಡೆದ ಉಪಚಾರವನ್ನೆಲ್ಲ ಮಗು ಸಂಜೆ ಇನ್ನೊಬ್ಬರಿಗೆ ಮಾಡುವುದಾದರೆ ಅದಕ್ಕೆ ಹೊಸ ಪದ ಒಂದನ್ನೂ ಕಲಿಸಬೇಕಾಗಿಲ್ಲ. ಕರೆಯುವುದು, ಕೂರಿಸುವುದು, ಈ ಐದು ಉಪಚಾರ, ಕೊನೆಗೊಂದು ನಮಸ್ಕಾರ. ಪದ್ಯದ ನಕ್ಷೆ ಸಿದ್ಧವಾಯಿತು.

ಇನ್ನು ನಡಿಗೆ. ಕನ್ನಡದ ಮಾತ್ರಾಛಂದಸ್ಸಿನಲ್ಲಿ ಸರಳವಾದ ನಡಿಗೆಗಳು ಮೂರು. ಮೂರು ಮಾತ್ರೆಯದು ‘ತಕಿಟ’, ನಾಲ್ಕರದು ‘ತಕಧಿಮಿ’, ಐದರದು ‘ತಕತಕಿಟ’. ಹಳಬರು ರಗಳೆಯಲ್ಲಿ ಇವನ್ನೇ ಉತ್ಸಾಹ, ಮಂದಾನಿಲ, ಲಲಿತ ಎಂದು ಕರೆದರು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆಯುಳ್ಳದ್ದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ಇಷ್ಟು ಗೊತ್ತಿದ್ದರೆ ಸಾಕು, ಬೆರಳಿನಲ್ಲಿ ಎಣಿಸಬಹುದು. ಐದು ಮಾತ್ರೆಯ ನಡಿಗೆ ಮಗುವಿಗೆ ದಕ್ಕದು. ಚಪ್ಪಾಳೆ ಎಲ್ಲಿ ಬೀಳಬೇಕೆಂದು ದೊಡ್ಡವರಿಗೇ ಗೊಂದಲ. ನಾಲ್ಕರದು ಒಳ್ಳೆಯದು, ಆದರೆ ನಮ್ಮ ಗೂಡಿನ ಯಜಮಾನ ಗಣಪ. ‘ಗಣಪ’ ಎಂದರೆ ಮೂರು ಲಘು, ಮೂರು ಮಾತ್ರೆ. ದೇವರ ಹೆಸರೇ ‘ತಕಿಟ’ ಎನ್ನುತ್ತಿರುವಾಗ ಅವನನ್ನು ನಾಲ್ಕು ಮಾತ್ರೆಗೆ ಎಳೆಯುವುದೇಕೆ? ‘ಗಣಪತಿ’ ಎಂದರೆ ನಾಲ್ಕಾಗುತ್ತದೆ, ನಿಜ. ಮನೆಯ ಒಳಗೆ ಅಷ್ಟು ಔಪಚಾರಿಕತೆ ಬೇಡವೆನಿಸಿತು.

ಸಾಲಿನ ಉದ್ದವನ್ನು ಮಗುವಿನ ವಾಕ್ಯದ ಉದ್ದದಿಂದ ತೀರ್ಮಾನಿಸಬೇಕು. ಎರಡು ವರ್ಷದ ಸುಮಾರಿಗೆ ಮಕ್ಕಳು ಎರಡು ಪದ ಕೂಡಿಸಿ ಮಾತಾಡತೊಡಗುತ್ತಾರೆ: ‘ಅಜ್ಜಿ ಬಾ’, ‘ಹಾಲು ಬೇಡ’. ಮೂರು ತುಂಬುವ ಹೊತ್ತಿಗೆ ಮೂರು ನಾಲ್ಕು ಪದ ಬರುತ್ತವೆ. ಆದ್ದರಿಂದ ಒಂದು ಸಾಲಿಗೆ ನಾಲ್ಕು ಗಣ ಇಟ್ಟು, ಮೊದಲೆರಡನ್ನು ದೊಡ್ಡವರು ಹೇಳಿ, ಕೊನೆಯ ಎರಡನ್ನು ಮಗುವಿಗೆ ಬಿಡುವುದು. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಮಿಕ್ಕವರು ಎತ್ತಿಕೊಳ್ಳುವ ಪದ್ಧತಿಯೇ ಇದು. ಮಗುವಿನ ಪಾಲಿಗೆ ಬರುವ ಎರಡು ಗಣವೂ ಒಂದೇ ಪದದ ಪುನರುಕ್ತಿಯಾದರೆ ಇನ್ನೂ ಲೇಸು. ಮೊದಲ ಸಲ ತಪ್ಪಿದರೆ ಎರಡನೆಯದರಲ್ಲಿ ಸರಿಮಾಡಿಕೊಳ್ಳಬಹುದು. ಹೀಗೆ ಹುಟ್ಟಿತು ಮೊದಲ ಜೋಡಿ:

ಗಣಪ ಗಣಪ ಬಾರೊ ಬಾರೊ
ಮಣೆಯ ಮೇಲೆ ಕೂರೊ ಕೂರೊ

ಎಣಿಸಿ ನೋಡಿ, ಎಲ್ಲ ಮೂರು ಮೂರು. ‘ದೇವರಿಗೆ ಬಾರೋ ಕೂರೋ ಅನ್ನೋದೇ?’ ಎಂದು ಕೇಳುವವರಿಗೆ ದಾಸರ ಪದಗಳನ್ನು ತೋರಿಸಿದರೆ ಸಾಕು. ಏಕವಚನದ ಸಲಿಗೆಯನ್ನು ನಮಗೆ ಕಲಿಸಿದವರು ಅವರೇ. ನಾನು ಹಿಗ್ಗಿದ್ದು ಬೇರೊಂದು ಕಾರಣಕ್ಕೆ. ‘ಗಣಪ’, ‘ಮಣೆಯ’ ಎರಡರಲ್ಲೂ ಎರಡನೆಯ ಅಕ್ಷರ ‘ಣ’ಕಾರ. ಅಂದರೆ ಕನ್ನಡದ ಹಳೆಯ ಆದಿಪ್ರಾಸ. ಕವಿಗಳ ಕೈಕಟ್ಟುತ್ತದೆಂದು 1911ರಲ್ಲಿ ಗೋವಿಂದ ಪೈಗಳು ಈ ಪ್ರಾಸವನ್ನು ಬಿಟ್ಟರು, ಹೊಸಗನ್ನಡ ಕಾವ್ಯ ಉಸಿರಾಡಿತು. ಪೈಗಳು ಬಿಟ್ಟದ್ದನ್ನು ಮೊಮ್ಮಗಳಿಗೋಸ್ಕರ ನಾನು ಮತ್ತೆ ಎತ್ತಿಕೊಂಡೆ. ಏಕೆಂದರೆ ಮಗುವಿಗೆ ಸಾಲಿನ ಮುಂದಿನ ಭಾಗ ನೆನಪಾಗಲು ಕೊನೆಯ ಪ್ರಾಸ ನೆರವಾಗುವುದಿಲ್ಲ. ಅದು ಬರುವ ಹೊತ್ತಿಗೆ ಸಾಲೇ ಮುಗಿದಿರುತ್ತದೆ. ‘ಗಣ’ ಎಂದೊಡನೆ ‘ಮಣ’ ಎಂದು ಎತ್ತಿಕೊಡುವುದು ಆದಿಪ್ರಾಸ. ಬಾಗಿಲಿಗೊಂದು ಹಿಡಿ ಇದ್ದಂತೆ, ಸಾಲನ್ನು ತೆರೆಯಲು ಒಂದು ಹಿಡಿ.

ಕಾಲೇಜಿನಲ್ಲಿ ಛಂದಸ್ಸು ಓದಿದವರಿಗೆ ನಾಗವರ್ಮನ ಪ್ರಾಸಗಳು ನೆನಪಿರಬಹುದು. ಪ್ರಾಸಾಕ್ಷರದ ಹಿಂದಿನ ಸ್ವರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಸೊನ್ನೆ ಬಂದರೆ ವೃಷಭ, ವಿಸರ್ಗಕ್ಕೆ ಅಜ, ಬೇರೆ ಬೇರೆ ವ್ಯಂಜನಗಳು ಕೂಡಿಕೊಂಡರೆ ಶರಭ, ಒಂದೇ ವ್ಯಂಜನ ಇಮ್ಮಡಿಸಿದರೆ ಹಯ. ನಮ್ಮ ಲಾಕ್ಷಣಿಕರು ಪ್ರಾಸಕ್ಕೆ ಮೃಗಾಲಯವನ್ನೇ ಕಟ್ಟಿದ್ದಾರೆ. ನನ್ನ ಜೋಡಿಯಲ್ಲಿ ‘ಬಾರೊ, ಕೂರೊ’ ದೀರ್ಘದ ಮುಂದೆ ಬಂದ ‘ರ’ಕಾರ, ಅಂದರೆ ಗಜಪ್ರಾಸ. ಆನೆಮೊಗದವನಿಗೆ ಆನೆಯ ಪ್ರಾಸ! ಇದನ್ನು ಹೆಂಡತಿಗೆ ವಿವರಿಸಿದೆ. “ಸರಿ, ಸ್ವಲ್ಪ ಆ ಎಣ್ಣೆ ಗಿಂಡಿ ಕೊಡಿ” ಎಂದಳು.

ಪಾಂಡಿತ್ಯ ಅಲ್ಲಿಗೆ ಮುಗಿಯಿತು, ನಾಲಿಗೆಯ ಪರೀಕ್ಷೆ ಶುರುವಾಯಿತು. ಮಕ್ಕಳ ಬಾಯಿಗೆ ಮೊದಲು ಬರುವುದು ತುಟಿಯ ಮತ್ತು ಹಲ್ಲಿನ ಬುಡದ ಅಕ್ಷರಗಳು: ಅಮ್ಮನ ಮ, ಅಪ್ಪನ ಪ, ತಾತನ ತ, ನನ್ನದು ಎನ್ನುವ ನ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಳುವ ಣ, ಳ ಮತ್ತು ನಾಲಿಗೆ ನಡುಗಬೇಕಾದ ರ ತಡವಾಗಿ ಬರುತ್ತವೆ. ಶ, ಷ, ಮಹಾಪ್ರಾಣಗಳಂತೂ ಇನ್ನೂ ನಿಧಾನ. ಪುಟ್ಟಿಯ ಬಾಯಲ್ಲಿ ಬಾರೊ ‘ಬಾಯೊ’ ಆಯಿತು, ಕೂರೊ ‘ಕೂಯೊ’ ಆಯಿತು. ಪ್ರಾಸ ಕೆಡಲಿಲ್ಲ! ಎರಡು ಕಡೆಯೂ ಒಂದೇ ಕಷ್ಟದ ಅಕ್ಷರವಿದ್ದುದರಿಂದ ಎರಡೂ ಒಟ್ಟಿಗೆ ಬದಲಾಗಿ ಗಜಪ್ರಾಸ ಗಜಪ್ರಾಸವಾಗಿಯೇ ಉಳಿಯಿತು. ಮಕ್ಕಳಿಗೆ ಬರೆಯುವವರು ಕಷ್ಟಾಕ್ಷರವನ್ನು ಪೂರ್ತಿ ಬಿಡಬೇಕಾಗಿಲ್ಲ. ಬಿಡುತ್ತೇನೆಂದರೆ ಕನ್ನಡದಲ್ಲಿ ಬರೆಯಲೂ ಆಗದು. ಅದನ್ನು ಪ್ರಾಸದ ಎರಡು ತುದಿಗೂ ಸಮನಾಗಿ ಹಂಚಬೇಕು, ಅಷ್ಟೆ.

ಎರಡನೆಯ ಸಾಲಿನಲ್ಲಿ ಮಾತ್ರ ಅನಾಹುತವಾಯಿತು. ಕೆಲವು ದಿನಗಳ ನಂತರ ಪುಟ್ಟಿ ನನ್ನ ಪಾಲನ್ನೂ ತಾನೇ ಹೇಳತೊಡಗಿದಳು. ಣಕಾರ ಅವಳಲ್ಲಿ ನಕಾರ. ‘ಗನಪ ಗನಪ ಬಾಯೊ ಬಾಯೊ, ಮನೆಯ ಮೇಲೆ ಕೂಯೊ ಕೂಯೊ.’ ಮಣೆಯ ಮೇಲೆ ಕೂರಬೇಕಾದ ಗಣಪ ಮನೆಯ ಮೇಲೆ, ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಕೂತ. ಮಗಳು ನಕ್ಕು, “ಮಳೆ ಬಂದ್ರೆ ನೆನೀತಾನೆ” ಎಂದಳು. ಪುಟ್ಟಿ ಅದನ್ನು ಗಂಭೀರವಾಗಿ ತೆಗೆದುಕೊಂಡು ಕೊಡೆ ತರಲು ಹೋದಳು. ಛಂದಸ್ಸು ಕೆಟ್ಟಿಲ್ಲ, ಪ್ರಾಸವೂ ಕೆಟ್ಟಿಲ್ಲ. ಗಣಪ, ಮಣೆಯ ಎರಡೂ ಸಮವಾಗಿ ನಕಾರಕ್ಕೆ ಇಳಿದಿವೆ. ಅರ್ಥ ಮಾತ್ರ ಮಹಡಿ ಹತ್ತಿದೆ. ಅವಳ ಉಚ್ಚಾರಣೆ ತಿದ್ದುವುದಕ್ಕಿಂತ ಸಾಲು ತಿದ್ದುವುದು ಸುಲಭ. ಉಚ್ಚಾರಣೆ ತನ್ನ ಕಾಲಕ್ಕೆ ತಾನು ತಿದ್ದಿಕೊಳ್ಳುತ್ತದೆ. ‘ಮೇಲೆ’ ತೆಗೆದು ‘ಬಂದು’ ಹಾಕಿದೆ.

ಮಣೆಗೆ ಬಂದು ಕೂರೊ ಕೂರೊ

ಈಗ ಣಕಾರದಲ್ಲಿ ಹೇಳಿದರೆ ಗಣಪ ಮಣೆಗೆ ಬರುತ್ತಾನೆ, ನಕಾರದಲ್ಲಿ ಹೇಳಿದರೆ ಮನೆಗೆ ಬರುತ್ತಾನೆ. ಎರಡೂ ಕ್ಷೇಮ. ಹೀಗಾಗಿ ಪ್ರತಿ ಸಾಲನ್ನೂ ಬರೆದ ಮೇಲೆ ರ ಇದ್ದಲ್ಲಿ ಯ ಅಥವಾ ಲ, ಣ ಇದ್ದಲ್ಲಿ ನ, ಳ ಇದ್ದಲ್ಲಿ ಲ ಹಾಕಿ ಒಮ್ಮೆ ಓದಿಕೊಳ್ಳುವ ಅಭ್ಯಾಸ ಮಾಡಿಕೊಂಡೆ. ಬೇರೆ ಅರ್ಥ ಹೊರಟರೆ ಅಲ್ಲಿಯೇ ಗೊತ್ತಾಗುತ್ತದೆ.

ಎರಡನೆಯ ಜೋಡಿಗೆ ಗಂಧ, ಪುಷ್ಪ. ಇಲ್ಲಿ ಒತ್ತಕ್ಷರದ ವಿಚಾರ ಬರುತ್ತದೆ. ವ್ಯಾಕರಣದ ಸಜಾತೀಯ, ವಿಜಾತೀಯ ಒತ್ತುಗಳ ಭೇದ ಮಗುವಿನ ಬಾಯಿಗೂ ಗೊತ್ತು. ಅಮ್ಮ, ಅಕ್ಕ, ಬೆಕ್ಕು, ಬುವ್ವ ಮುಂತಾದ ಇಮ್ಮಡಿ ಅಕ್ಷರಗಳು ಸಲೀಸು. ಬಹುಶಃ ಹಾಗೆಂದೇ ಮಕ್ಕಳ ಮಾತಿನ ತುಂಬ ಅವೇ. ‘ಪುಷ್ಪ’ ಕೊಟ್ಟರೆ ‘ಪುಪ್ಪ’ ಮಾಡಿಕೊಳ್ಳುತ್ತಾರೆ. ನಮ್ಮ ಹಿರಿಯರೂ ಕೃಷ್ಣನನ್ನು ಕಿಟ್ಟ ಮಾಡಿಕೊಂಡವರೇ, ಆದ್ದರಿಂದ ಮಕ್ಕಳನ್ನು ದೂರುವಂತಿಲ್ಲ. ನಾಗವರ್ಮನ ಮೃಗಾಲಯದಲ್ಲಿ ಎರಡೂವರೆ ವರ್ಷದವರಿಗೆ ಸಲ್ಲುವ ಪ್ರಾಣಿ ಯಾವುದೆಂದರೆ ಕುದುರೆ: ಇಮ್ಮಡಿ ವ್ಯಂಜನದ ಹಯಪ್ರಾಸ. ಎಂಟು ಕಾಲಿನ ಶರಭವನ್ನು ಅವರ ಹತ್ತಿರ ಬಿಡಬಾರದು.

ಹಣೆಗೆ ಬೊಟ್ಟು ಇಟ್ಟೆ ಇಟ್ಟೆ
ಕೈಗೆ ಹೂವು ಕೊಟ್ಟೆ ಕೊಟ್ಟೆ

ಮೊದಲು ‘ಇಟ್ಟು, ಕೊಟ್ಟು’ ಎಂದು ಇತ್ತು. ವಾಕ್ಯ ಮುಂದಿನ ಸಾಲಿಗೆ ಹರಿಯುತ್ತದೆಂದು ನನಗೆ ಸಂತೋಷ, ಆದರೆ ಮಗುವಿಗೆ ಹರಿಯುವ ವಾಕ್ಯ ಬೇಡ. ಇಟ್ಟು ಏನು ಮಾಡಿದೆ ಎಂದು ಮುಂದಿನ ಸಾಲಿನವರೆಗೆ ಕಾಯುವ ವ್ಯವಧಾನ ಅದಕ್ಕಿಲ್ಲ. ಪ್ರತಿ ಸಾಲೂ ತನ್ನಷ್ಟಕ್ಕೆ ಮುಗಿಯಬೇಕು, ಕೈ ಮಾಡುವ ಕೆಲಸವೂ ಅಷ್ಟಕ್ಕೇ ಮುಗಿಯಬೇಕು. ಇಟ್ಟೆ, ಆಯಿತು. ಕೊಟ್ಟೆ, ಆಯಿತು. ಈ ಸಾಲು ಬಂದ ಮೇಲೆ ಪುಟ್ಟಿಯ ಏಕೈಕ ಪ್ರಶ್ನೆ: “ತಾತ, ಯಾವ ಕೈಗೆ?” ಗಣಪನಿಗೆ ನಾಲ್ಕು ಕೈ, ಒಂದರಲ್ಲಿ ಪಾಶ, ಒಂದರಲ್ಲಿ ಅಂಕುಶ, ಒಂದರಲ್ಲಿ ಮೋದಕ. ಖಾಲಿಯಿರುವುದು ಅಭಯಹಸ್ತವೊಂದೇ. ಮೂರ್ತಿಶಿಲ್ಪದ ಪಾಠ ಹೀಗೆ ಅನಾಯಾಸವಾಗಿ ಆಯಿತು.

ಮೂರನೆಯ ಜೋಡಿ ಧೂಪ, ದೀಪಗಳದು. ಅವೆರಡೂ ಹುಟ್ಟಿನಿಂದಲೇ ಪ್ರಾಸ ಮಾಡಿಕೊಂಡು ಬಂದ ಜೋಡಿ. ಮತ್ತೆ ಗಜಪ್ರಾಸ, ನಾನು ಬೆವರಬೇಕಾಗಿರಲಿಲ್ಲ. ಯೋಚಿಸಬೇಕಾದದ್ದು ಕ್ರಿಯಾಪದವನ್ನು. ಈ ವಯಸ್ಸಿನಲ್ಲಿ ಕ್ರಿಯಾಪದವೆಂದರೆ ವರ್ಣನೆಯಲ್ಲ, ಕೈಗೆ ಕೊಟ್ಟ ಅಪ್ಪಣೆ. ‘ದೀಪ ಹಚ್ಚು ಹಚ್ಚು’ ಎಂದು ಬರೆದರೆ ಪ್ರಾರ್ಥನೆಯ ನೆಪದಲ್ಲಿ ಬೆಂಕಿಪೊಟ್ಟಣಕ್ಕೆ ದಾರಿ ತೋರಿಸಿದ ಹಾಗೆ. ‘ಮುಟ್ಟಬೇಡ’ ಎಂದು ಬರೆದರೂ ಕಿವಿಗೆ ಬೀಳುವುದು ‘ಮುಟ್ಟು’ ಮಾತ್ರ. ‘ಬೇಡ’ ಕೊನೆಯಲ್ಲಿ ಬರುವಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಧೂಪಕ್ಕೆ ಮೂಗಿನ ಕೆಲಸ, ದೀಪಕ್ಕೆ ಕಣ್ಣಿನ ಕೆಲಸ ಕೊಡುವುದು ಕ್ಷೇಮ.

ಧೂಪ ಧೂಪ ಘಮ್ಮ ಘಮ್ಮ
ದೀಪ ದೀಪ ನೋಡು ಅಮ್ಮ

ಇಲ್ಲಿಯವರೆಗೆ ದೇವರೊಡನೆ ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಅಮ್ಮನ ಕಡೆ ತಿರುಗುತ್ತದಲ್ಲ, ಇದು ರಸಭಂಗವಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಚೆಂದದ್ದು ಕಂಡಾಗ ಮಗು ಪಕ್ಕದವರ ಮುಖ ನೋಡುತ್ತದೆ. ತಾನು ಕಂಡದ್ದನ್ನು ಅವರೂ ಕಂಡರೋ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ದೀಪ ಬೆಳಗಿದಾಗ ಪುಟ್ಟಿ ಹಾಗೆ ತಿರುಗುವುದನ್ನು ನೋಡಿಯೇ ಆ ಸಾಲು ಬರೆದದ್ದು. ಪದ್ಯ ಮಗುವಿನ ಕತ್ತು ತಿರುಗುವ ಕಡೆ ತಿರುಗಬೇಕು. ಮಗಳು ಬರುವುದು ತಡವಾದ ದಿನ ‘ನೋಡು ಅಜ್ಜಿ’ ಎಂದಾಗುತ್ತದೆ. ಪ್ರಾಸ ಹೋಗುತ್ತದೆ, ಹೋಗಲಿ. ಅಜ್ಜಿಯಂತೂ ದೂರು ಕೊಟ್ಟಿಲ್ಲ.

ನೈವೇದ್ಯದ ಸಾಲಿಗೆ ಒಂದು ಕಟ್ಟುನಿಟ್ಟಿದೆ: ಪದ್ಯದಲ್ಲಿರುವುದು ತಟ್ಟೆಯಲ್ಲೂ ಇರಬೇಕು. ಗಣಪ ಎಂದರೆ ಕೈ ತಾನಾಗಿ ಕಡುಬು, ಮೋದಕ, ಕಬ್ಬು ಎಂದು ಬರೆಯುತ್ತದೆ. ಕವಿಗಳಿಗೆ ಉತ್ಪ್ರೇಕ್ಷೆ ಅಲಂಕಾರ. ಮಗುವಿಗೆ ಅದು ಕೊಟ್ಟ ಮಾತು. ‘ಕಡುಬು ಎಲ್ಲಿ?’ ಎಂದು ಕೇಳಿದ ಮೇಲೆ ಪ್ರಾರ್ಥನೆ ಮುಂದಕ್ಕೆ ಹೋಗುವುದಿಲ್ಲ, ಅಡುಗೆಮನೆಗೆ ಹೋಗುತ್ತದೆ. ನಮ್ಮಲ್ಲಿ ದಿನವೂ ಇರುವುದು ಬಾಳೆಹಣ್ಣು. ಅದರ ಅದೃಷ್ಟಕ್ಕೆ ‘ಬಾಳೆ’ ಮೂರು ಮಾತ್ರೆ, ‘ಹಣ್ಣು’ ಮೂರು ಮಾತ್ರೆ.

ಬಾಳೆಹಣ್ಣು ತಿನ್ನು ತಿನ್ನು
ಸಾಕೊ ಬೇಕೊ ಅನ್ನು ಅನ್ನು

ಎರಡನೆಯ ಸಾಲು ನನ್ನದಲ್ಲ, ಹೆಂಡತಿ ಊಟದ ಹೊತ್ತಿಗೆ ಪುಟ್ಟಿಗೆ ಹೇಳುವ ಮಾತು. ಬಾಯಿ ತುಂಬ ತುತ್ತಿಟ್ಟುಕೊಂಡು ಕೂತವಳಿಗೆ “ಸಾಕೋ ಬೇಕೋ ಏನಾದ್ರೂ ಅನ್ನೇ” ಎಂದು ದಿನಕ್ಕೆರಡು ಸಲ ಗದರುತ್ತಾಳೆ. ಪುಟ್ಟಿ ಅದನ್ನು ಅದೇ ಧಾಟಿಯಲ್ಲಿ, ಅದೇ ಹುಬ್ಬು ಗಂಟಿನೊಡನೆ ಗಣಪನಿಗೆ ಹಿಂದಿರುಗಿಸುತ್ತಾಳೆ. ಮನೆಯಲ್ಲಿ ದೊಡ್ಡವಳಾಗುವ ಅವಕಾಶ ಅವಳಿಗೆ ಸಿಗುವುದು ಈ ಒಂದು ಸಾಲಿನಲ್ಲಿ ಮಾತ್ರ, ಹಾಗಾಗಿ ಇದನ್ನು ಎಂದೂ ಬಿಡುವುದಿಲ್ಲ. ಗಣಪ ಏನೂ ಅನ್ನದಿದ್ದರೆ ‘ಸಾಕಂತೆ’ ಎಂದು ತಾನೇ ತೀರ್ಪು ಕೊಟ್ಟು ಹಣ್ಣು ಸುಲಿಯುತ್ತಾಳೆ.

ಕೊನೆಗೆ ನಮಸ್ಕಾರ:

ಕೈಯ ಮುಗಿದೆ ಬಗ್ಗಿ ಬಗ್ಗಿ
ನೋಡು ನನ್ನ ಹಿಗ್ಗಿ ಹಿಗ್ಗಿ

ಈ ಪದ್ಯದಲ್ಲಿ ಬೇಡಿಕೆ ಎನ್ನಬಹುದಾದದ್ದು ಇದೊಂದೇ: ನನ್ನನ್ನು ನೋಡು. ವಿದ್ಯೆ, ಬುದ್ಧಿಗಳ ಪಟ್ಟಿಗಿಂತ ಇದು ಆ ವಯಸ್ಸಿನ ನಿಜವಾದ ಕೋರಿಕೆ. ಸೋಫಾದ ಮೇಲೆ ಹತ್ತಿ ನಿಂತಾಗಲೂ ಅದು ಕೂಗುವುದು ಇದನ್ನೇ. ‘ಹಿಗ್ಗಿ’ ಪುಟ್ಟಿಗೆ ಹೊಸ ಪದ. ಇಡೀ ಪದ್ಯದಲ್ಲಿ ಒಂದು ಹೊಸ ಪದವಿರಬಹುದು, ಅದೂ ಹಳೆಯ ಪದವೊಂದಕ್ಕೆ ಪ್ರಾಸವಾಗಿ ಬಂದರೆ. ‘ಬಗ್ಗಿ’ ಎಂಬಲ್ಲಿ ಅವಳು ಹಣೆ ನೆಲಕ್ಕೆ ತಾಗುವಷ್ಟು ಬಗ್ಗುತ್ತಾಳೆ. ‘ಹಿಗ್ಗಿ’ ಎಂಬಲ್ಲಿ ಎದ್ದು ಕೆನ್ನೆ ಉಬ್ಬಿಸುತ್ತಾಳೆ. ನಿಘಂಟಿನವರು ಹೇಳುವ ಅರ್ಥಕ್ಕೆ ಅದು ತೀರ ದೂರವೇನಲ್ಲ.

ಐದು ಜೋಡಿ, ಹತ್ತು ಸಾಲು. ನಿಧಾನವಾಗಿ ಹೇಳಿದರೆ ಊದಿನಕಡ್ಡಿಯ ತುದಿ ಬೂದಿಯಾಗುವಷ್ಟರಲ್ಲಿ ಮುಗಿಯುತ್ತದೆ. ಆದರೆ ಹತ್ತನ್ನೂ ಒಟ್ಟಿಗೆ ಕೊಡಬಾರದು. ಮೊದಲ ಜೋಡಿ ಬಾಯಿಗೆ ಬರುವ ತನಕ ಮಿಕ್ಕ ಉಪಚಾರಗಳು ಹೆಂಡತಿಯ ಶ್ಲೋಕದಲ್ಲೇ ನಡೆಯುತ್ತಿದ್ದವು. ಪುಟ್ಟಿ ನನ್ನ ಪಾಲನ್ನೂ ಕಸಿದುಕೊಂಡು ಹೇಳತೊಡಗಿದ ದಿನ ಮುಂದಿನ ಜೋಡಿ ಹೊರಬರುತ್ತಿತ್ತು. ಸಾಲು ಕೂತಿಲ್ಲ ಎಂಬುದಕ್ಕೂ ಗುರುತುಗಳಿವೆ. ಮಗು ಪ್ರತಿದಿನ ಒಂದೇ ಜಾಗದಲ್ಲಿ ತಡೆದರೆ ಅಲ್ಲಿ ಕಷ್ಟದ ಅಕ್ಷರವೋ ಹೆಚ್ಚಿನ ಮಾತ್ರೆಯೋ ಇದೆ. ಬಾಯಿ ಹೇಳುತ್ತಿದ್ದು ಕೈ ಬೇರೆಲ್ಲೋ ಆಡುತ್ತಿದ್ದರೆ ಆ ಸಾಲಿಗೆ ಕೆಲಸವಿಲ್ಲ. ಬೇಗ ಬೇಗ ಹೇಳಿ ಮುಗಿಸುತ್ತಿದ್ದರೆ ನಾವ್ಯಾರೋ ನೆಂಟರ ಮುಂದೆ ಹೇಳಿಸಿ ಅದನ್ನು ಪಾಠ ಮಾಡಿಬಿಟ್ಟಿದ್ದೇವೆ. ಮತ್ತೊಂದು ಮಾತು, ಒಮ್ಮೆ ಕೂತ ಸಾಲನ್ನು ಕವಿ ಮತ್ತೆ ಮುಟ್ಟಬಾರದು. ‘ಕೈಗೆ’ ಬದಲು ‘ಪಾದ’ ಎಂದರೆ ಭಕ್ತಿ ಹೆಚ್ಚೀತೆಂದು ಒಂದು ಸಂಜೆ ಹೇಳಿ ನೋಡಿದೆ. “ಅಲ್ಲ ತಾತ!” ಎಂಬ ತೀರ್ಪು ಬಂತು. ಆ ಹೊತ್ತಿಗೆ ಪದ್ಯದ ಹಕ್ಕು ನನ್ನ ಕೈಬಿಟ್ಟಿತ್ತು.

ಕೇಳಿಸಿಕೊಂಡ ಪರಿಚಯದವರೊಬ್ಬರು ತಮ್ಮ ಮನೆಗೂ ಬೇಕೆಂದರು. ಅವರ ಗೂಡಿನಲ್ಲಿರುವುದು ಬಸವ. ಬಸವ ಮೂರು ಲಘು, ಸರಾಗವಾಗಿ ಕೂತ. ಮಣೆಯ ಜೊತೆಗಿನ ಆದಿಪ್ರಾಸ ಮಾತ್ರ ಹೋಯಿತು. ಹನುಮ, ರಾಮ, ಕೃಷ್ಣ, ದೇವಿ ಎಲ್ಲರೂ ಮೂರು ಮಾತ್ರೆಯವರೇ. ಲಕ್ಷ್ಮಿ ಎಂದರೂ ಲಕುಮಿ ಎಂದರೂ ಮೂರೇ. ಆದರೆ ಹೆಣ್ಣು ದೇವರಿಗೆ ‘ಬಾರೆ, ಕೂರೆ’ ಎಂದಾಗಬೇಕು. ಶಾರದೆಯದು ನಾಲ್ಕು ಮಾತ್ರೆ, ಈ ಮಣೆ ಅವಳಿಗೆ ಸಾಲದು; ಅವಳಿಗೆ ‘ತಕಧಿಮಿ’ಯಲ್ಲಿ ಬೇರೆಯೇ ಬರೆಯಬೇಕು. ಹೆಸರಿಗೆ ನಡಿಗೆ ಹೊಂದಿಸಬೇಕೇ ಹೊರತು ನಡಿಗೆಗಾಗಿ ಹೆಸರನ್ನು ಹಿಗ್ಗಲಿಸಬಾರದು. ಶಿವನಿಗೆ ಎರಡೇ ಮಾತ್ರೆ. ‘ಶಿವನೆ’ ಎಂದರೆ ಮೂರಾಗುತ್ತದೆ, ಆದರೆ ನಮ್ಮ ಕಡೆ ‘ಶಿವನೇ’ ಎನ್ನುವುದು ಸೊಂಟ ಹಿಡಿದಾಗ.

ಈ ಸಾಲುಗಳ ಆಯುಸ್ಸು ಹೆಚ್ಚಿಲ್ಲವೆಂದು ಗೊತ್ತು. ನಾಲ್ಕು ತುಂಬಿದ ಮೇಲೆ ಅಜ್ಜಿಯ ಶ್ಲೋಕ ಒತ್ತಕ್ಷರ ಸಮೇತ ಬಾಯಿಗೆ ಬಂದೀತು, ಗಣಪನನ್ನು ಮಣೆಗೆ ಕರೆಯಲು ನಾಚಿಕೆಯಾದೀತು. ಆದರೆ ಈಚೆಗೆ ಪುಟ್ಟಿ ಒಂದು ಹೊಸ ಪ್ರಯೋಗ ಶುರುಮಾಡಿದ್ದಾಳೆ. ರಾತ್ರಿ ಊಟಕ್ಕೆ ತಟ್ಟೆ ಹಾಕಿದೊಡನೆ ದೇವರ ಗೂಡಿನ ಮಣೆ ಎಳೆದುಕೊಂಡು ಬಂದು, ‘ತಾತ ತಾತ ಬಾಯೊ ಬಾಯೊ’ ಎನ್ನುತ್ತಾಳೆ. ಆಮೇಲೆ ಅಜ್ಜಿ, ಆಮೇಲೆ ಅಮ್ಮ, ಅಪ್ಪ, ಊರಿಂದ ಬಂದರೆ ಅತ್ತೆ, ಮಾಮ. ಕೂತು ಬೆರಳೆಣಿಸಿದೆ. ತಾತ ಮೂರು ಮಾತ್ರೆ. ಅಜ್ಜಿ ಮೂರು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅತ್ತೆ, ಮಾಮ, ಒಬ್ಬರೂ ಮೂರು ದಾಟುವುದಿಲ್ಲ, ಮೂರಕ್ಕೆ ಕಡಿಮೆಯೂ ಇಲ್ಲ. ನಮ್ಮ ಮನೆಯಲ್ಲಿ ಮಗು ಕರೆಯುವ ಮಂದಿಯೆಲ್ಲ ‘ತಕಿಟ’ದಲ್ಲಿಯೇ ಇದ್ದಾರೆ. ನಾನು ಗಣಪನ ಹೆಸರು ನೋಡಿ ಆರಿಸಿದ ನಡಿಗೆಯಲ್ಲಿ ಅವಳು ಇಡೀ ಮನೆಯನ್ನು ಕೂರಿಸಿದಳು. ‘ಬಾರೊ’ ಅಜ್ಜಿಗೆ ಸಲ್ಲದು, ‘ಬಾರೆ’ ಆಗಬೇಕೆಂದು ಹೇಳಿದರೆ ಕೇಳುವುದಿಲ್ಲ. ದೇವರಿಗೊಂದು ನಮಗೊಂದು ವ್ಯಾಕರಣ ಅವಳಿಗೆ ಒಪ್ಪಿಗೆಯಿಲ್ಲ. ಮಣೆಯ ಮೇಲೆ ಕೂತರೆ ಏಳುವಾಗ ನನ್ನ ಮಂಡಿ ‘ಶಿವನೇ’ ಎನ್ನುತ್ತದೆ. ಆದರೂ ಕೂರುತ್ತೇನೆ, ಬೊಟ್ಟಿಡಿಸಿಕೊಳ್ಳುತ್ತೇನೆ. ಎರಡನೆಯ ಚಪಾತಿಗೆ ಕೈಹಾಕುವಾಗ ‘ಸಾಕೊ ಬೇಕೊ ಅನ್ನು ಅನ್ನು’ ಬರುತ್ತದೆ. ನಾನು ಬೇಕು ಎನ್ನುವಷ್ಟರಲ್ಲಿ ‘ಸಾಕಂತೆ’ ಎಂದು ತಟ್ಟೆ ಎಳೆದುಕೊಳ್ಳುತ್ತಾಳೆ.